ನಾಮಪದಕ್ಕಾಗಿ ಕಾದ ಯಂತ್ರ

1954ರ ಜನವರಿ 7ರಂದು ನ್ಯೂಯಾರ್ಕಿನ ಐಬಿಎಂ ಪ್ರಧಾನ ಕಚೇರಿಯಲ್ಲಿ ಪತ್ರಕರ್ತರು ಕೂಡಿದ್ದರು. ರಷ್ಯನ್ ಭಾಷೆಯ ಗಂಧವೂ ಇಲ್ಲದ ಒಬ್ಬ ಹೆಣ್ಣುಮಗಳು ರಷ್ಯನ್ ವಾಕ್ಯಗಳನ್ನು ರೋಮನ್ ಅಕ್ಷರಗಳಲ್ಲಿ ಕಾರ್ಡುಗಳ ಮೇಲೆ ಪಂಚ್ ಮಾಡಿದಳು. ಕಾರ್ಡುಗಳು ಐಬಿಎಂ 701 ಗಣಕದೊಳಗೆ ಹೋದವು. ಆರೇಳು ಸೆಕೆಂಡು ಕಳೆಯುವಷ್ಟರಲ್ಲಿ ಇಂಗ್ಲಿಷ್ ವಾಕ್ಯ ಅಚ್ಚಾಗಿ ಹೊರಬಂತು. ಆಲೂಗಡ್ಡೆಯಿಂದ ಪಿಷ್ಟ ತಯಾರಾಗುವ ಬಗೆ, ಕಲ್ಲಿದ್ದಲಿನ ಗುಣಮಟ್ಟ ನಿರ್ಧಾರವಾಗುವ ಬಗೆ ಎಂದು ಒಂದರ ಹಿಂದೆ ಒಂದು ವಾಕ್ಯಗಳು ಬಂದವು. ಮರುದಿನದ ಪತ್ರಿಕೆಗಳು ಅದನ್ನು ಮುಖಪುಟದಲ್ಲಿ ಹೊತ್ತು ತಂದವು.

ಪ್ರಯೋಗದ ಹಿಂದೆ ನಿಂತವರು ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಲಿಯೊನ್ ಡೊಸ್ಟರ್ಟ್. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಏಕಕಾಲಕ್ಕೆ ಹಲವು ಭಾಷೆಗಳಿಗೆ ಅನುವಾದಿಸುವ ಏರ್ಪಾಡನ್ನು ಕಟ್ಟಿದವರು. ಮೂರರಿಂದ ಐದು ವರ್ಷಗಳಲ್ಲಿ ಮುಖ್ಯ ವಿಷಯಗಳ ಮಟ್ಟಿಗೆ ಯಂತ್ರಾನುವಾದ ಸಾಧ್ಯವಾಗಬಹುದು ಎಂದು ಅವರು ಹೇಳಿದರು. ಹಾಗೆ ನಂಬಲು ಕಾರಣವೂ ಇತ್ತು. ಯಂತ್ರಕ್ಕೆ ಕೊಟ್ಟದ್ದು 250 ಪದಗಳ ಪದಕೋಶ, 6 ನಿಯಮ. ಅಷ್ಟರಲ್ಲೇ ಅರುವತ್ತಕ್ಕೂ ಹೆಚ್ಚು ವಾಕ್ಯಗಳು ಹೊರಬಂದಿದ್ದವು.

ಅವುಗಳಲ್ಲಿ ಒಂದು ಕೋನದ ಬಗೆಗಿನದು. ಕೋನದ ಪ್ರಮಾಣವು ಕಂಸದ ಉದ್ದಕ್ಕೂ ತ್ರಿಜ್ಯಕ್ಕೂ ಇರುವ ಅನುಪಾತದಿಂದ ನಿರ್ಧರಿಸಲ್ಪಡುತ್ತದೆ ಎನ್ನುವ ವಾಕ್ಯ. ರಷ್ಯನ್ನಿನ ‘ಒಪ್ರೆದೆಲ್ಯಾಯೆತ್ಸಾ’ ಎಂಬ ಕ್ರಿಯಾಪದಕ್ಕೆ ‘ಈಸ್ ಡಿಟರ್ಮಿನ್ಡ್’ ಎಂಬ ಪೂರ್ತಿ ರೂಪ ಸಿದ್ಧವಾಗಿತ್ತು. ಮುಂದಿನ ಪದದ ತುದಿಯಲ್ಲಿ ತೃತೀಯಾ ವಿಭಕ್ತಿಯ ಪ್ರತ್ಯಯ ಕಂಡರೆ ಅದಕ್ಕಿಂತ ಮೊದಲು ‘ಬೈ’ ಬಂದು ಕೂರುತ್ತಿತ್ತು. ಕರ್ಮಣಿ ಪ್ರಯೋಗದ ಗೊಡವೆ ಮುಗಿಯಿತು ಎನ್ನುವಂತೆ ಕಾಣಿಸಿತು. ಆದರೆ ಆ ಆರು ನಿಯಮಗಳು ಮಾಡುತ್ತಿದ್ದುದು ಇಷ್ಟೇ: ಒಂದು ಪದದ ಹಿಂದಿನ ಅಥವಾ ಮುಂದಿನ ಪದವನ್ನು ನೋಡಿ, ಎರಡನ್ನು ಅದಲುಬದಲು ಮಾಡುವುದು, ಒಂದು ಅರ್ಥವನ್ನು ಆರಿಸುವುದು, ಒಂದು ಪದವನ್ನು ಸೇರಿಸುವುದು ಅಥವಾ ಬಿಡುವುದು. ಯಂತ್ರದ ಕಣ್ಣು ಪಕ್ಕದ ಪದವನ್ನು ದಾಟಿ ಹೋಗುತ್ತಿರಲಿಲ್ಲ. ಪ್ರದರ್ಶನದ ವಾಕ್ಯಗಳನ್ನೂ ಆ ಕಣ್ಣಿಗೆ ತಕ್ಕಂತೆಯೇ ಆರಿಸಲಾಗಿತ್ತು.

ಅನುವಾದ ಬೇಕಾಗಿದ್ದ ನಿಜವಾದ ಬರಹ ಬೇರೆಯೇ ಜಾತಿಯದು. ಸೋವಿಯತ್ ಒಕ್ಕೂಟದಲ್ಲಿ 1952ರಲ್ಲಿ ವಿಜ್ಞಾನ ಮಾಹಿತಿಗೆಂದೇ ಒಂದು ಸಂಸ್ಥೆ ಹುಟ್ಟಿತು. ಮರುವರ್ಷದಿಂದ ಅದು ‘ರೆಫೆರಾತಿವ್ನಿ ಜುರ್ನಾಲ್’ ಎಂಬ ಸಾರಾಂಶ ಪತ್ರಿಕೆಯನ್ನು ಹೊರಡಿಸತೊಡಗಿತು. ಅದರಲ್ಲಿ ಸಂಶೋಧನ ಪ್ರಬಂಧಗಳನ್ನು ಕೆಲವೇ ಸಾಲುಗಳಲ್ಲಿ ಹಿಂಡಿ ಇಡಲಾಗುತ್ತಿತ್ತು. ಹಿಂಡಲು ರಷ್ಯನ್ ಭಾಷೆಗೆ ಎರಡು ಒಳ್ಳೆಯ ಸಲಕರಣೆಗಳಿದ್ದವು. ಒಂದು, ಕ್ರಿಯಾಪದದಿಂದ ಹುಟ್ಟಿ ವಿಶೇಷಣದಂತೆ ನಡೆಯುವ ಕೃದಂತ. ತನ್ನ ಹಿಂದೆ ಕಾಲ, ಸ್ಥಳ, ಕರ್ತೃ, ಸಾಧನ ಎಲ್ಲವನ್ನೂ ಎಳೆದುಕೊಂಡು ಬಂದು ಕೊನೆಗೆ ನಾಮಪದಕ್ಕೆ ಜೋತುಬೀಳುವಂಥದು. ಇನ್ನೊಂದು, ಮಾಡಿದವರು ಯಾರು ಎಂದು ಹೇಳದೆಯೇ ‘ತೋರಿಸಲಾಯಿತು’, ‘ಅಳೆಯಲಾಯಿತು’ ಎನ್ನುವ ಕರ್ತೃವಿಲ್ಲದ ಕ್ರಿಯೆ. ಸಾರಾಂಶ ಎಂದರೆ ಈ ಎರಡರ ನೇಯ್ಗೆ.

ಅಂಥ ನೇಯ್ಗೆಯ ಒಂದು ವಾಕ್ಯವನ್ನು ಬಿಡಿಸಿ ನೋಡಿದರೆ ತೊಡಕು ಎಲ್ಲಿತ್ತೆಂದು ತಿಳಿಯುತ್ತದೆ. ಅರೆವಾಹಕಗಳ ಕುರಿತ ಸಾರಾಂಶದಲ್ಲಿ ಬರಬಹುದಾದ ಸಾಧಾರಣ ವಾಕ್ಯ ಇದು: ‘ನಬ್ಲ್ಯುದಾಯೆಮೊಯೆ ಪ್ರಿ ನಗ್ರೆವಾನಿಯಿ ಒಬ್ರಸ್ತ್ಸಾ ಉಮೆನ್ಶೇನಿಯೆ ಸೊಪ್ರೊತಿವ್ಲೇನಿಯಾ ಒಬ್ಯಸ್ನ್ಯಾಯೆತ್ಸಾ ಪೊಯಾವ್ಲೇನಿಯೆಮ್ ನೊಸೀತೆಲೆಯ್ ತೋಕಾ.’ ಪದಕ್ಕೆ ಪದ ಇಟ್ಟರೆ ‘ಕಂಡುಬರುವ, ಕಾಯಿಸುವಾಗ, ಮಾದರಿಯ, ಇಳಿಕೆ, ರೋಧದ, ವಿವರಿಸಲ್ಪಡುತ್ತದೆ, ಮೂಡುವಿಕೆಯಿಂದ, ವಾಹಕಗಳ, ವಿದ್ಯುತ್ತಿನ’ ಎಂದಾಗುತ್ತದೆ. ಕನ್ನಡದ ಓದುಗರಿಗೆ ಇದು ಅಷ್ಟೇನೂ ಪರಕೀಯವಲ್ಲ. ‘ಮಾದರಿಯನ್ನು ಕಾಯಿಸುವಾಗ ಕಂಡುಬರುವ ರೋಧದ ಇಳಿಕೆ’ ಎಂದು ನಾವೂ ಇಡೀ ಕಂತೆಯನ್ನು ನಾಮಪದದ ಮುಂದೆಯೇ ಇಡುತ್ತೇವೆ. ವ್ಯತ್ಯಾಸವೆಂದರೆ ನಮ್ಮ ‘ಕಂಡುಬರುವ’ ಕಂತೆಯ ಕೊನೆಗೆ ಬರುತ್ತದೆ, ರಷ್ಯನ್ನಿನದು ಕಂತೆಯ ಬಾಗಿಲಲ್ಲೇ ನಿಲ್ಲುತ್ತದೆ. ಇಂಗ್ಲಿಷಿಗೆ ಮಾತ್ರ ಈ ಎರಡೂ ಒಗ್ಗುವುದಿಲ್ಲ. ಅಲ್ಲಿ ನಾಮಪದ ಮೊದಲು ಬಂದು, ಕಂತೆ ಅದರ ಬೆನ್ನಿಗೆ ಬರಬೇಕು.

ಪಕ್ಕದ ಪದವನ್ನಷ್ಟೇ ನೋಡುವ ಯಂತ್ರಕ್ಕೆ ಈ ವಾಕ್ಯ ಸಿಕ್ಕರೆ ‘ಅಬ್ಸರ್ವ್ಡ್ ಆನ್ ಹೀಟಿಂಗ್ ಆಫ್ ಸ್ಯಾಂಪಲ್ ಡಿಕ್ರೀಸ್ ಆಫ್ ರೆಸಿಸ್ಟೆನ್ಸ್’ ಎಂದು ಉಸುರುತ್ತಿತ್ತು. ಇಂಗ್ಲಿಷ್ ಓದುಗ ‘ಸ್ಯಾಂಪಲ್ ಡಿಕ್ರೀಸ್’ ಎಂಬುದನ್ನು ಒಂದೇ ಮಾತು ಎಂದು ಓದಿ, ಮಾದರಿಯೇ ಕುಗ್ಗಿತೆಂದು ತಿಳಿಯುತ್ತಿದ್ದ. ಪ್ರಯೋಗದ ಫಲಿತಾಂಶವೇ ಬದಲಾಗಿಹೋಗುತ್ತಿತ್ತು. ಅದಕ್ಕಿಂತ ಕಷ್ಟದ ಸಂಗತಿಯೂ ಒಂದಿತ್ತು. ಕೃದಂತದ ಕಂತೆ ನಾಮಪದದ ಹಿಂದೆ ಬಂದರೆ ರಷ್ಯನ್ನರು ಅದರ ಎರಡೂ ಬದಿಗೆ ಅಲ್ಪವಿರಾಮ ಹಾಕುತ್ತಾರೆ, ಯಂತ್ರ ಆ ಬೇಲಿಯನ್ನು ಹಿಡಿದುಕೊಳ್ಳಬಹುದು. ಕಂತೆ ನಾಮಪದಕ್ಕಿಂತ ಮುಂಚೆ ಬಂದರೆ ಬೇಲಿಯೇ ಇಲ್ಲ. ಎಲ್ಲಿ ಮುಗಿಯುತ್ತದೆಂದು ಹೇಳುವ ಗುರುತು ಪುಟದ ಮೇಲೆ ಎಲ್ಲೂ ಇರುವುದಿಲ್ಲ.

ಹಾರ್ವರ್ಡಿನಲ್ಲಿ ಆಂಥೊನಿ ಓಟಿಂಗರ್ ಎಂಬ ಯುವಕ ಬೇರೊಂದು ದಾರಿ ಹಿಡಿದಿದ್ದ. ಯಂತ್ರ ವಾಕ್ಯ ಕಟ್ಟುವುದೇ ಬೇಡ, ಪದಗಳ ಅರ್ಥವನ್ನಷ್ಟೇ ಕೊಡಲಿ, ವಿಷಯ ಬಲ್ಲವನು ಓದಿಕೊಳ್ಳಲಿ ಎಂಬುದು ಅವನ ಲೆಕ್ಕ. ರಷ್ಯನ್ನಿಗೆ ಸ್ವಯಂಚಾಲಿತ ನಿಘಂಟನ್ನು ಕಟ್ಟುವ ಬಗೆಯ ಮೇಲೆ ಅವನು 1954ರಲ್ಲಿ ಡಾಕ್ಟರೇಟ್ ಪ್ರಬಂಧ ಬರೆದ. ವರ್ಷಗಟ್ಟಲೆ ದುಡಿದು ಆ ನಿಘಂಟನ್ನು ಗಣಕಕ್ಕೂ ಏರಿಸಲಾಯಿತು. ಪ್ರತಿ ರಷ್ಯನ್ ಪದದ ಕೆಳಗೆ ಇಂಗ್ಲಿಷ್ ಅರ್ಥಗಳ ಸಾಲು ಇಳಿಯತೊಡಗಿತು. ಓದುಗ ಪದ ಪದವನ್ನೂ ಒಗಟಿನಂತೆ ಬಿಡಿಸಬೇಕಾಯಿತು. ಮೇಲಿನ ವಾಕ್ಯದ ಕೊನೆಯ ‘ತೋಕಾ’ ಒಂದನ್ನೇ ತೆಗೆದುಕೊಂಡರೂ, ಅದರ ಮೂಲಪದಕ್ಕೆ ರಷ್ಯನ್ನಿನಲ್ಲಿ ವಿದ್ಯುತ್ ಪ್ರವಾಹ ಎಂಬ ಅರ್ಥವೂ ಇದೆ, ಕಾಳು ಒಕ್ಕುವ ಕಣ ಎಂಬ ಅರ್ಥವೂ ಇದೆ. ಪದಗಳ ರಾಶಿ ಎಷ್ಟೇ ದೊಡ್ಡದಾದರೂ ವಾಕ್ಯ ಮಾತ್ರ ಕೈಗೆ ಸಿಗಲಿಲ್ಲ.

1957ರ ಅಕ್ಟೋಬರ್ 4ರಂದು ಸ್ಪುಟ್ನಿಕ್ ಮೇಲೇರಿತು. ಸೋವಿಯತ್ ವಿಜ್ಞಾನಿಗಳು ಏನು ಬರೆಯುತ್ತಿದ್ದಾರೆ ಎಂದು ತಿಳಿಯುವ ಆತುರ ಅಮೆರಿಕದಲ್ಲಿ ಒಮ್ಮೆಗೇ ಏರಿತು. ಡೊಸ್ಟರ್ಟ್ ಹೇಳಿದ್ದ ಮೂರು ವರ್ಷ ಕಳೆದಿತ್ತು, ಐದು ಹತ್ತಿರ ಬರುತ್ತಿತ್ತು. ನಿಯಮಗಳನ್ನು ಎಷ್ಟು ಹೆಚ್ಚಿಸಿದರೂ ಉದ್ದ ವಾಕ್ಯ ಬಂದಾಗಲೆಲ್ಲ ಎರಡು ನಿಯಮಗಳು ಒಂದನ್ನೊಂದು ತುಳಿಯುತ್ತಿದ್ದವು.

ಆ ಹೊತ್ತಿಗೆ ವಾಷಿಂಗ್ಟನ್ನಿನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಐಡಾ ರೋಡ್ಸ್ ಎಂಬ ಗಣಿತಜ್ಞೆ ಈ ಸಮಸ್ಯೆಗೆ ಕೈಹಾಕಿದರು. ಅವರು ಹುಟ್ಟಿದ್ದು 1900ರಲ್ಲಿ, ಯುಕ್ರೇನಿನ ಒಂದು ಯಹೂದಿ ಹಳ್ಳಿಯಲ್ಲಿ. 1913ರಲ್ಲಿ ತಂದೆತಾಯಿಯ ಜೊತೆ ಅಮೆರಿಕಕ್ಕೆ ಬಂದರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದುತ್ತಲೇ ಆಸ್ಪತ್ರೆಯಲ್ಲಿ ದಾದಿಯರ ಸಹಾಯಕಿಯಾಗಿ ದುಡಿದರು. 1940ರಲ್ಲಿ ಗಣಿತ ಕೋಷ್ಟಕಗಳ ಯೋಜನೆ ಸೇರಿದರು. ಗಣಕಗಳು ಬಂದಾಗ ಯುನಿವ್ಯಾಕ್ ಯಂತ್ರಕ್ಕೆ ಸಿ-10 ಎಂಬ ಆದೇಶಭಾಷೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ಯಂತ್ರಕ್ಕೆ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದು ಅವರಿಗೆ ಕರತಲಾಮಲಕವಾಗಿತ್ತು. ರಷ್ಯನ್ ಅವರಿಗೆ ಬಾಲ್ಯದಿಂದ ಬಂದ ಭಾಷೆ. ಈ ಎರಡೂ ಒಬ್ಬರಲ್ಲೇ ಕೂಡಿದ್ದು ಆಕಸ್ಮಿಕವೇ. ಆದರೆ ಆ ಆಕಸ್ಮಿಕ ಇಲ್ಲದಿದ್ದರೆ ಈ ಗಂಟು ಆಗ ಬಿಚ್ಚಿಕೊಳ್ಳುತ್ತಿತ್ತೇ ಎಂಬುದು ನನಗೆ ಅನುಮಾನ.

ಅಲ್ಲಿಯವರೆಗೆ ಹೆಚ್ಚಿನವರು ಒಂದು ಪದ ಕಂಡ ಕೂಡಲೇ ಅದಕ್ಕೆ ಇಂಗ್ಲಿಷಿನಲ್ಲಿ ಏನು ಎಂದು ಕೇಳುತ್ತಿದ್ದರು. ರೋಡ್ಸ್ ಅವರ ವಿಧಾನ ಬೇರೆ ಪ್ರಶ್ನೆ ಕೇಳಿತು: ಈ ಪದ ಬಂದ ಮೇಲೆ ಮುಂದೆ ಏನು ಬಂದೇ ತೀರಬೇಕು? ರಷ್ಯನ್ ಪದಗಳಿಗೆ ವಿಭಕ್ತಿ, ಲಿಂಗ, ವಚನಗಳ ಪ್ರತ್ಯಯ ಉಂಟು. ಆದ್ದರಿಂದ ಒಂದೊಂದು ಪದವೂ ಮುಂದಿನದರ ಬಗ್ಗೆ ಒಂದು ನಿರೀಕ್ಷೆಯನ್ನು ಹೊತ್ತೇ ಬರುತ್ತದೆ. ಯಂತ್ರ ಆ ನಿರೀಕ್ಷೆಗಳನ್ನು ಬರೆದಿಟ್ಟುಕೊಳ್ಳಬೇಕು. ಹೊಸ ಪದ ಬಂದಾಗ ಅದು ಯಾವ ನಿರೀಕ್ಷೆಯನ್ನು ತೀರಿಸುತ್ತದೆಂದು ನೋಡಬೇಕು. ಕೆಲವು ನಿರೀಕ್ಷೆಗಳು ತೀರಲೇಬೇಕಾದವು, ಕೆಲವು ತೀರದಿದ್ದರೂ ನಡೆಯುವಂಥವು. ಹಾಗಾಗಿ ಪ್ರತಿಯೊಂದಕ್ಕೂ ಎಷ್ಟು ತುರ್ತು ಎಂಬ ದರ್ಜೆ. ಯಾವ ನಿರೀಕ್ಷೆಗೂ ಹೊಂದದ ಪದ ಬಂದರೆ ಅದನ್ನು ಎಸೆಯದೆ ಬೇರೆ ಪಟ್ಟಿಯಲ್ಲಿ ಇಟ್ಟುಕೊಂಡು, ವಾಕ್ಯ ಮುಂದುವರಿದ ಮೇಲೆ ಹಿಂದಿರುಗಿ ನೋಡಬೇಕು. ಮುಂದಿನದಕ್ಕೆ ಒಂದು ಪಟ್ಟಿ, ಹಿಂದಿನದಕ್ಕೆ ಒಂದು ಪಟ್ಟಿ.

ಕೇಳಲು ಸರಳ. ಆದರೆ ಉದ್ದದ ಕಂತೆಯಲ್ಲಿ ನಿರೀಕ್ಷೆಗಳು ಗುಂಪುಗೂಡುತ್ತಿದ್ದವು. ಯಾವುದನ್ನು ಮೊದಲು ಪರೀಕ್ಷಿಸಬೇಕು? ಬಂದ ಕ್ರಮದಲ್ಲೇ ನೋಡಿದರೆ ಮೇಲಿನ ವಾಕ್ಯದಲ್ಲಿ ‘ಒಬ್ರಸ್ತ್ಸಾ’ ಸಿಕ್ಕಾಗ ಯಂತ್ರ ವಾಕ್ಯದ ಆರಂಭದ ನಿರೀಕ್ಷೆಗಳಲ್ಲೇ ಅಲೆದಾಡುತ್ತಿತ್ತು. ಉತ್ತರ ತಿರುಗುಮುರುಗಾಗಿತ್ತು. ಕೊನೆಯಲ್ಲಿ ಸೇರಿದ ನಿರೀಕ್ಷೆಯನ್ನೇ ಮೊದಲು ನೋಡಬೇಕು. ಬಳೆಗಾರ ಕೋಲಿಗೆ ಕೊನೆಯಲ್ಲಿ ಏರಿಸಿದ ಬಳೆಯೇ ಮೊದಲು ಕೈಗೆ ಬರುವ ಹಾಗೆ.

ಆ ಕ್ರಮದಲ್ಲಿ ವಾಕ್ಯ ಹೀಗೆ ಬಿಚ್ಚಿಕೊಂಡಿತು. ‘ನಬ್ಲ್ಯುದಾಯೆಮೊಯೆ’ ನಪುಂಸಕ ಲಿಂಗದ ಏಕವಚನದ ಕೃದಂತ. ವಿಭಕ್ತಿ ಪ್ರಥಮಾ ಅಥವಾ ದ್ವಿತೀಯಾ. ಅಂಥದೇ ಒಂದು ನಾಮಪದ ಬಂದೇ ಬರಬೇಕೆಂದು ಯಂತ್ರ ಬರೆದಿಟ್ಟುಕೊಂಡಿತು. ಇದು ತುರ್ತಿನದು. ‘ಪ್ರಿ’ ಬಂತು, ತನಗೆ ಸಲ್ಲುವ ವಿಭಕ್ತಿಯ ನಾಮಪದವೊಂದನ್ನು ಕೇಳಿತು. ‘ನಗ್ರೆವಾನಿಯಿ’ ಅದನ್ನು ತೀರಿಸಿತು. ಇದೂ ನಪುಂಸಕ ಲಿಂಗದ್ದೇ, ಕೃದಂತದ ಜೋಡಿ ಇದೇ ಎಂದು ಮೋಸಹೋಗುವ ಜಾಗ. ಆದರೆ ವಿಭಕ್ತಿ ಬೇರೆ, ಜೊತೆಗೆ ಮೇಲಿದ್ದ ನಿರೀಕ್ಷೆ ‘ಪ್ರಿ’ಯದು. ಹಾಗಾಗಿ ಕೃದಂತದ ನಿರೀಕ್ಷೆ ಅಲುಗಾಡದೆ ಕೆಳಗೇ ಉಳಿಯಿತು. ಕಾಯಿಸುವಿಕೆ ಎಂದ ಮೇಲೆ ಯಾವುದರ ಎಂಬ ಷಷ್ಠಿಯ ನಿರೀಕ್ಷೆ ಹುಟ್ಟಿತು. ‘ಒಬ್ರಸ್ತ್ಸಾ’ ಅದನ್ನು ತುಂಬಿತು. ಆಮೇಲೆ ‘ಉಮೆನ್ಶೇನಿಯೆ’. ಇದು ಷಷ್ಠಿಯಲ್ಲ, ಮೇಲಿನ ಐಚ್ಛಿಕ ನಿರೀಕ್ಷೆಗಳು ಉದುರಿದವು. ಅವುಗಳ ಕೆಳಗೆ ಅಷ್ಟು ಹೊತ್ತು ಕಾದಿದ್ದ ನಿರೀಕ್ಷೆಗೆ ಲಿಂಗ, ವಚನ, ವಿಭಕ್ತಿ ಮೂರೂ ಹೊಂದಿದವು. ಕಂತೆ ಮುಗಿದದ್ದು ಇಲ್ಲಿ. ಪುಟದ ಮೇಲೆ ಇಲ್ಲದ ಬೇಲಿ ಯಂತ್ರದ ನೆನಪಿನಲ್ಲಿ ಸಿಕ್ಕಿತು.

ಮುಂದಿನ ‘ಸೊಪ್ರೊತಿವ್ಲೇನಿಯಾ’ ಇನ್ನೊಂದು ಗೂಢ. ಅದೇ ರೂಪ ಷಷ್ಠಿಯ ಏಕವಚನವೂ ಹೌದು, ಪ್ರಥಮೆಯ ಬಹುವಚನವೂ ಹೌದು. ಇಳಿಕೆ ಎಂಬ ಪದ ಆಗಷ್ಟೇ ಒಂದು ಷಷ್ಠಿಯನ್ನು ಕೇಳಿದ್ದರಿಂದ ‘ರೋಧದ’ ಎಂಬ ಓದು ನಿಂತಿತು. ಮುಂದೆ ಬಂದ ಕ್ರಿಯಾಪದ ಏಕವಚನದಲ್ಲಿದ್ದು ಅದನ್ನು ದೃಢಪಡಿಸಿತು.

ಇನ್ನು ಕರ್ತೃವಿಲ್ಲದ ಕ್ರಿಯೆಗಳು. ಆರು ನಿಯಮಗಳ ಕಾಲದಲ್ಲಿ ತೃತೀಯೆ ಕಂಡರೆ ‘ಬೈ’ ಎಂದು ಹಾಕಿದ್ದರಷ್ಟೆ. ‘ಗೆರ್ಮಾನಿಯ್ ಯವ್ಲ್ಯಾಯೆತ್ಸಾ ಪೊಲುಪ್ರೊವೊದ್ನಿಕೊಮ್’ ಎಂದರೆ ‘ಜರ್ಮೇನಿಯಂ ಅರೆವಾಹಕ’ ಎಂದಷ್ಟೇ ಅರ್ಥ. ಕೊನೆಯ ಪದದಲ್ಲಿ ತೃತೀಯೆ ಇದೆ, ಕ್ರಿಯಾಪದದ ತುದಿಯೂ ‘ಒಬ್ಯಸ್ನ್ಯಾಯೆತ್ಸಾ’ದಂತೆಯೇ ಇದೆ. ಆದರೂ ಇಲ್ಲಿ ಕರ್ಮಣಿಯ ಸುಳಿವೇ ಇಲ್ಲ. ಹಳೆಯ ನಿಯಮ ಇಲ್ಲಿ ‘ಅರೆವಾಹಕದಿಂದ’ ಎಂದು ಬರೆದು ಕೆಡಿಸುತ್ತಿತ್ತು. ಪ್ರತ್ಯಯವೊಂದನ್ನೇ ನಂಬಬಾರದು, ಒಂದೊಂದು ಕ್ರಿಯಾಪದವೂ ಯಾವ ವಿಭಕ್ತಿಯನ್ನು ಯಾಕೆ ಕೇಳುತ್ತದೆಂದು ಪದಕೋಶದಲ್ಲೇ ಬರೆದಿರಬೇಕು ಎಂಬುದು ನಿರೀಕ್ಷೆಯ ವಿಧಾನದಿಂದ ತಾನಾಗಿ ಹೊರಟ ತೀರ್ಮಾನ. ಅಂದರೆ ಸಾವಿರಾರು ಕ್ರಿಯಾಪದಗಳನ್ನು ಒಂದೊಂದಾಗಿ ಕೂತು ಗುರುತಿಸುವ ದುಡಿಮೆ.

ಅದಕ್ಕಿಂತ ಮಾಯಾವಿಯಾದದ್ದು ‘ಇಜ್ಮೆರೇನಿಯಾ ಪ್ರೊವೊದೀಲಿ’ ಎಂಬ ಎರಡೇ ಪದ. ಸಾರಾಂಶಗಳಲ್ಲಿ ಇಂಥದು ಮತ್ತೆ ಮತ್ತೆ ಬರುತ್ತದೆ. ಅಳತೆಗಳು ಎಂಬ ಬಹುವಚನ, ನಡೆಸಿದರು ಎಂಬ ಬಹುವಚನ. ಎರಡೂ ಹೊಂದುತ್ತವೆ, ಆದ್ದರಿಂದ ‘ಅಳತೆಗಳು ನಡೆಸಿದವು’ ಎಂದು ಯಂತ್ರ ಓದಿಬಿಡುತ್ತದೆ. ಅಳತೆಗಳು ಏನನ್ನು ನಡೆಸಿದವು? ಇದರ ಉತ್ತರ ವಾಕ್ಯದಲ್ಲಿ ಇಲ್ಲ. ಸಕರ್ಮಕ ಕ್ರಿಯಾಪದದ ಕರ್ಮದ ನಿರೀಕ್ಷೆ ವಾಕ್ಯ ಮುಗಿದರೂ ತೀರದೆ ಉಳಿಯುತ್ತದೆ. ಹಾಗೆ ಉಳಿದದ್ದೇ ತಪ್ಪಿನ ಗುರುತು. ಹಿಂದಿರುಗಿ ನೋಡಿದರೆ ‘ಇಜ್ಮೆರೇನಿಯಾ’ದ ರೂಪ ದ್ವಿತೀಯೆಯೂ ಆಗಬಲ್ಲದು. ಅದನ್ನು ಕರ್ಮ ಎಂದು ತೆಗೆದುಕೊಂಡರೆ ಕರ್ತೃವಿನ ಜಾಗ ಖಾಲಿ. ರಷ್ಯನ್ನಿನಲ್ಲಿ ಕರ್ತೃವಿಲ್ಲದ ಬಹುವಚನ ಕ್ರಿಯೆಗೆ ಇಂಗ್ಲಿಷಿನ ಕರ್ಮಣಿಯೇ ಸರಿಯಾದ ಸಾಟಿ: ‘ಮೆಷರ್‌ಮೆಂಟ್ಸ್ ವರ್ ಮೇಡ್’. ಕೈಯಿಂದ ಅನುವಾದಿಸುವವರೂ ಇಲ್ಲಿ ಎಡವುತ್ತಾರೆ. ತೀರದೆ ಉಳಿದ ಕರ್ಮವನ್ನು ಹುಡುಕುವುದೇ ಅವರಿಗೂ ಇರುವ ಪರೀಕ್ಷೆ.

ರೋಡ್ಸ್ ಅವರ ವರದಿ 1959ರಲ್ಲಿ ಹೊರಬಂತು. 1961ರಲ್ಲಿ ‘ಮೆಕ್ಯಾನಿಕಲ್ ಟ್ರಾನ್ಸ್‌ಲೇಷನ್’ ಪತ್ರಿಕೆಯಲ್ಲಿ ಲೇಖನವಾಗಿ ಪ್ರಕಟವಾಯಿತು. ನಿಘಂಟಿನ ದಾರಿಯಲ್ಲಿ ದಣಿದಿದ್ದ ಹಾರ್ವರ್ಡಿನ ಗುಂಪು ಅದನ್ನು ಕೈಗೆತ್ತಿಕೊಂಡಿತು. ಓಟಿಂಗರ್ ಅದರಲ್ಲಿ ತನಗೆ ಪರಿಚಯವಿದ್ದ ಒಂದು ಮುಖವನ್ನು ಕಂಡ. ಪೋಲೆಂಡಿನ ತರ್ಕಶಾಸ್ತ್ರಜ್ಞ ಲುಕಾಸೆವಿಚ್ ಆವರಣ ಚಿಹ್ನೆಗಳೇ ಇಲ್ಲದೆ ಸೂತ್ರ ಬರೆಯುವ ಒಂದು ಪದ್ಧತಿ ಮಾಡಿದ್ದ. ಅಂಥ ಸೂತ್ರಗಳನ್ನು ಬಿಡಿಸಲೂ ಕೊನೆಗೆ ಬಂದದ್ದನ್ನು ಮೊದಲು ತೆಗೆಯುವ ಇದೇ ಉಗ್ರಾಣ ಸಾಕಾಗುತ್ತಿತ್ತು. ಬೀಜಗಣಿತದ ಆವರಣಗಳೂ ಬೇಲಿಯಿಲ್ಲದ ಕೃದಂತದ ಕಂತೆಯೂ ಒಂದೇ ಬಗೆಯ ನೆನಪನ್ನು ಕೇಳುತ್ತವೆ ಎಂದು ಅವನು 1961ರ ಪ್ರಬಂಧದಲ್ಲಿ ತೋರಿಸಿದ.

ಎಂಐಟಿಯ ವಿಕ್ಟರ್ ಇಂಗ್ವೆ 1960ರಲ್ಲೇ ಇನ್ನೊಂದು ತುದಿಯಿಂದ ಇದೇ ನೆನಪಿನ ಬಳಿಗೆ ಬಂದಿದ್ದ. ಮನುಷ್ಯನ ತಾತ್ಕಾಲಿಕ ನೆನಪಿಗೆ ಏಳರ ಆಸುಪಾಸಿನ ಮಿತಿ ಇದೆ, ಆದ್ದರಿಂದ ಎಡಕ್ಕೆ ಬೆಳೆಯುವ ಕಂತೆಗಳನ್ನು ಭಾಷೆಗಳು ತಪ್ಪಿಸಿಕೊಳ್ಳುತ್ತವೆ ಎಂಬುದು ಅವನ ಊಹೆ. ಇಂಗ್ಲಿಷಿಗೆ ಇದು ಚೆನ್ನಾಗಿ ಹೊಂದಿತು. ಕಂತೆಯನ್ನು ನಾಮಪದದ ಹಿಂದಕ್ಕೆ ಸಾಗಿಸುವ ಇಂಗ್ಲಿಷಿನ ಚಾಳಿಗೆ ಒಂದು ಕಾರಣ ಸಿಕ್ಕಂತಾಯಿತು. ಸಂಬಂಧವಾಚಕ ವಾಕ್ಯಗಳನ್ನೆಲ್ಲ ಎಡಕ್ಕೇ ಪೇರಿಸಿ ಸುಖವಾಗಿ ಮಾತಾಡುವ ಜಪಾನಿ, ತುರ್ಕಿ, ನಮ್ಮ ಕನ್ನಡದಂಥ ಭಾಷೆಗಳ ಮುಂದೆ ಮಾತ್ರ ಆ ಊಹೆ ನಿಲ್ಲುವುದು ಕಷ್ಟ.

ಹೀಗೆ ಗಂಟು ಬಿಚ್ಚಿಕೊಂಡರೂ ಹಣ ಕೊಡುತ್ತಿದ್ದವರ ತಾಳ್ಮೆ ತೀರಿತ್ತು. ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ನೇಮಿಸಿದ, ಜಾನ್ ಪಿಯರ್ಸ್ ಅಧ್ಯಕ್ಷತೆಯ ಸಮಿತಿ 1966ರಲ್ಲಿ ವರದಿ ಕೊಟ್ಟಿತು. ಯಂತ್ರಾನುವಾದ ಮನುಷ್ಯರ ಅನುವಾದಕ್ಕಿಂತ ನಿಧಾನ, ತಪ್ಪು ಹೆಚ್ಚು, ಖರ್ಚು ಎರಡರಷ್ಟು ಎಂದು ಅದು ಬರೆಯಿತು. ಅಮೆರಿಕದ ಹಲವು ಯೋಜನೆಗಳು ಮುಚ್ಚಿದವು. ರೋಡ್ಸ್ 1964ರಲ್ಲೇ ನಿವೃತ್ತರಾಗಿದ್ದರು, ಆಮೇಲೂ ಸಲಹೆಗಾರರಾಗಿ ಉಳಿದರು. ಭಾಷೆಯ ರಚನೆಯನ್ನು ಗಣಕದಿಂದ ಅಧ್ಯಯನ ಮಾಡುವ ಕೆಲಸಕ್ಕೆ ಮಾತ್ರ ಬೆಂಬಲ ಮುಂದುವರಿಯಲಿ ಎಂದು ಅದೇ ಸಮಿತಿ ಹೇಳಿತು. ನಿರೀಕ್ಷೆಯ ವಿಧಾನ ಬದುಕಿದ್ದು ಆ ಆಶ್ರಯದಲ್ಲಿ.

ಇಷ್ಟೆಲ್ಲ ಶ್ರಮದಿಂದ ಸಿಕ್ಕ ವಿವರಣೆ ಚಿಕ್ಕದು. ವಾಕ್ಯದ ಆರಂಭದಲ್ಲಿ ಕೃದಂತ ಕಂಡರೆ ಅದನ್ನು ಅನುವಾದಿಸದೆ ಹಿಡಿದುಕೊಳ್ಳಬೇಕು. ನಡುವೆ ಬಂದ ಪದಗಳನ್ನು ಅವವೇ ಕೇಳಿದ ವಿಭಕ್ತಿಗೆ ಜೋಡಿಸುತ್ತ ಹೋಗಬೇಕು. ಕೃದಂತದ ಲಿಂಗ, ವಚನ, ವಿಭಕ್ತಿ ಮೂರಕ್ಕೂ ಹೊಂದುವ ನಾಮಪದ ಬಂದಾಗ ಅದನ್ನು ಮುಂದಿಟ್ಟು, ಹಿಡಿದಿದ್ದ ಕಂತೆಯನ್ನು ಅದರ ಹಿಂದೆ ಬಿಡಬೇಕು. ಕ್ರಿಯಾಪದದಲ್ಲಿ ಪ್ರತ್ಯಯವನ್ನಲ್ಲ, ತೀರದೆ ಉಳಿದ ಕರ್ತೃವನ್ನೋ ಕರ್ಮವನ್ನೋ ನೋಡಿ ಕರ್ಮಣಿಯನ್ನು ತೀರ್ಮಾನಿಸಬೇಕು. ಆಗ ಆ ವಾಕ್ಯ ಹೀಗಾಗುತ್ತದೆ: ‘ದಿ ಡಿಕ್ರೀಸ್ ಇನ್ ರೆಸಿಸ್ಟೆನ್ಸ್ ಅಬ್ಸರ್ವ್ಡ್ ಆನ್ ಹೀಟಿಂಗ್ ದಿ ಸ್ಯಾಂಪಲ್ ಈಸ್ ಎಕ್ಸ್‌ಪ್ಲೇನ್ಡ್ ಬೈ ದಿ ಅಪಿಯರೆನ್ಸ್ ಆಫ್ ಕರೆಂಟ್ ಕ್ಯಾರಿಯರ್ಸ್.’ ‘ತೋಕಾ’ ಎಂಬುದು ಒಕ್ಕುವ ಕಣವಲ್ಲ, ವಿದ್ಯುತ್ ಪ್ರವಾಹ ಎಂಬುದನ್ನು ಈ ವಿಧಾನ ಹೇಳಲಾರದು. ಆ ಆಯ್ಕೆ ಆಗಲೂ ಭೌತವಿಜ್ಞಾನ ಬಲ್ಲ ಅನುವಾದಕನ ಕೈಯಲ್ಲೇ ಉಳಿಯಿತು.